ಅಪ್‌ಡೇಟ್: ಐಫೋನ್‌ಗೆ ಬಂದ ಮೇಲೂ ಹಳೇ ಸಬ್‌ಸ್ಕ್ರಿಪ್ಷನ್ ದುಡ್ಡು ಕಟ್ ಆಗ್ತಿದ್ದದ್ದು

ನನ್ನ ಪ್ರಶ್ನೆ: ಆಂಡ್ರಾಯ್ಡ್ ಬಿಟ್ಟು ಐಫೋನ್ ತಗೊಂಡೆ. ಮ್ಯೂಸಿಕ್ ಆ್ಯಪ್‌ನ ಪ್ರೀಮಿಯಂ ಇಲ್ಲೂ ನಡೀತಿದೆ, ಆದರೆ ಐಫೋನ್‌ನ Subscriptions ಪಟ್ಟಿ ಖಾಲಿ. ಹಾಗಾದ್ರೆ ದುಡ್ಡು ಎಲ್ಲಿಂದ ಹೋಗ್ತಿದೆ?

ಸಿಕ್ಕಿತು. ಬಿಲ್ಲಿಂಗ್ ಇನ್ನೂ ಗೂಗಲ್ ಪ್ಲೇನಲ್ಲೇ ಇದೆ. ಪ್ರೀಮಿಯಂ ಅನ್ನೋದು ಆ್ಯಪ್‌ನ ಲಾಗಿನ್‌ಗೆ ಅಂಟಿಕೊಂಡಿರುತ್ತೆ, ಅದಕ್ಕೇ ಹೊಸ ಫೋನಲ್ಲೂ ನಡೆಯುತ್ತೆ. ದುಡ್ಡು ಮಾತ್ರ ಮೊದಲು ಎಲ್ಲಿ ಶುರು ಮಾಡಿದ್ದೆವೋ ಆ ಸ್ಟೋರ್ ಮೂಲಕವೇ ಹೋಗುತ್ತೆ. ಗೊತ್ತಾಗಿದ್ದು ರಸೀದಿಯ ಇಮೇಲ್‌ನಿಂದ. ಆರ್ಡರ್ ನಂಬರ್ GPA ಅಂತ ಶುರುವಾದರೆ ಅದು ಪ್ಲೇ ಸ್ಟೋರ್‌ದು. ನನ್ನ ರಸೀದಿ ಬಂದಿದ್ದು ಹಳೇ ಜಿಮೇಲ್‌ಗೆ, ಅದನ್ನು ಹೊಸ ಫೋನಿಗೆ ಹಾಕಿರಲೇ ಇಲ್ಲ.

ಇದನ್ನು ಆ್ಯಪಲ್‌ಗೆ ವರ್ಗ ಮಾಡೋ ದಾರಿ ಇಲ್ಲ. ಇಲ್ಲಿ ನಿಲ್ಲಿಸಿ ಅಲ್ಲಿ ಹೊಸದಾಗಿ ಶುರು ಮಾಡಬೇಕು, ಅಷ್ಟೇ. ಹಳೇ ಫೋನ್ ತಮ್ಮನಿಗೆ ಕೊಟ್ಟಾಗಿತ್ತು, ಹಾಗಾಗಿ ಐಫೋನ್‌ನ ಸಫಾರಿಯಲ್ಲೇ ಆ ಜಿಮೇಲ್‌ನಿಂದ ಲಾಗಿನ್ ಆಗಿ ಇಲ್ಲಿ ಕ್ಯಾನ್ಸಲ್ ಮಾಡಿದೆ:

```
play.google.com/store/account/subscriptions
```

ಕಟ್ಟಿದ ತಿಂಗಳು ಮುಗಿಯೋವರೆಗೂ ಪ್ರೀಮಿಯಂ ಇರುತ್ತೆ. ಅಲ್ಲಿವರೆಗೆ ಆ್ಯಪಲ್ ಕಡೆ ಶುರು ಮಾಡಬೇಡಿ, ಎರಡೂ ಕಡೆ ಬಿಲ್ ಬೀಳಬಹುದು. ಆ್ಯಪ್ ಡಿಲೀಟ್ ಮಾಡಿದ್ರೆ ಸಾಕು ಅಂದವರಿಗೆ: ಸಾಲಲ್ಲ, ಬಿಲ್ ಬರ್ತಾನೇ ಇರುತ್ತೆ. ಕ್ಯಾನ್ಸಲ್ ಆದಮೇಲೆ ಯುಪಿಐ ಆ್ಯಪ್‌ನ ಆಟೋಪೇ ಪಟ್ಟಿಯನ್ನೂ ಒಮ್ಮೆ ನೋಡಿ.

ನಾನಂತೂ ಅವಧಿ ಮುಗಿದ ಮೇಲೆ ಆ ಕಂಪನಿಯ ವೆಬ್‌ಸೈಟಲ್ಲೇ ನೇರವಾಗಿ ಕಟ್ಟುತ್ತೇನೆ. ಆಗ ಫೋನ್ ಯಾವುದಾದರೂ ಬಿಲ್ ಒಂದೇ ಕಡೆ ಇರುತ್ತೆ.