ಅಪ್‌ಡೇಟ್: ತಮ್ಮನ ಫಿಸಿಕ್ಸ್ ನೋಟ್ಸ್ ಒಂದು ಹಾಳೆಗೆ ಬಂತು

ನಾನು ಕೇಳಿದ್ದು: "ತಮ್ಮ ಧಾರವಾಡದಲ್ಲಿ ಸೆಕೆಂಡ್ ಪಿಯುಸಿ ಓದ್ತಾನೆ. ಕೆಪಾಸಿಟರ್ ಪಾಠದ ನೋಟ್ಸ್ ಎಲ್ಲಾ ಕಲಸಿಹೋಗಿದೆ. ವಿಷಯವಾರು ಜೋಡಿಸೋದು ಹೇಗೆ?"

ಸಪ್ತಾಪುರದ ಅವನ ರೂಮಿನಲ್ಲಿ ಕೂತು ಇಬ್ಬರೂ ಮಾಡಿದೆವು. ಮೊದಲು ಸೂತ್ರಗಳನ್ನೆಲ್ಲ ಸುಮ್ನೆ ಒಂದೇ ಕಡೆ ಬರೆದೆವು. ಅದೇ ತಪ್ಪಾಯಿತು. ಕೆಪಾಸಿಟರ್‌ನಲ್ಲಿ ಶೇಖರವಾದ ಶಕ್ತಿಯ ಸೂತ್ರಗಳಾದ U = ½CV² ಮತ್ತು U = Q²/2C ಎರಡೂ ಪಕ್ಕದಲ್ಲೇ ಇದ್ದವು, ಆದರೆ ಯಾವುದನ್ನು ಯಾವಾಗ ಬಳಸಬೇಕು ಅಂತ ಅವನಿಗೆ ತಿಳಿಯಲಿಲ್ಲ.

ಆಮೇಲೆ ಪ್ರತಿ ಸೂತ್ರದ ಮುಂದೆ "ಯಾವುದು ಬದಲಾಗಲ್ಲ" ಅಂತ ಒಂದು ಸಾಲು ಸೇರಿಸಿದೆವು. ಬ್ಯಾಟರಿ ತೆಗೆದಿದ್ದರೆ ಚಾರ್ಜ್ Q ಅಷ್ಟೇ ಇರುತ್ತದೆ. ಬ್ಯಾಟರಿ ಇದ್ದರೆ ವೋಲ್ಟೇಜ್ V ಅಷ್ಟೇ ಇರುತ್ತದೆ.

ಕೆಳಗೆ ಒಂದೇ ಲೆಕ್ಕ, ಎರಡು ಸಲ. 2 µF ಕೆಪಾಸಿಟರ್, 100 V. ಅಂದರೆ Q = 200 µC, U = 0.01 J. ಫಲಕಗಳ ಅಂತರ ಎರಡು ಪಟ್ಟಾದರೆ ಕೆಪಾಸಿಟನ್ಸ್ ಅರ್ಧವಾಗಿ C = 1 µF. ಬ್ಯಾಟರಿ ತೆಗೆದಿದ್ದರೆ U = 0.02 J. ಬ್ಯಾಟರಿ ಹಾಗೇ ಇದ್ದರೆ 0.005 J. ಒಂದರಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ! ಇದನ್ನು ನೋಡಿದ ಮೇಲೇ ಅವನಿಗೆ ಹೊಳೆಯಿತು.

ಕೆಪಾಸಿಟನ್ಸ್‌ನ ವ್ಯಾಖ್ಯೆ ಮೂರು ಪುಟಗಳಲ್ಲಿ ಮೂರು ಥರ ಇತ್ತು. ಪಠ್ಯಪುಸ್ತಕದ್ದೊಂದನ್ನೇ ಉಳಿಸಿಕೊಂಡೆವು. ಮುಂದಿನ ಭಾನುವಾರ ವಿದ್ಯುತ್ ಪ್ರವಾಹದ ಪಾಠ ಹಿಡಿಯುತ್ತೇವೆ.