ಕಂಬದ ನೆರಳಿನಿಂದ ಅಕ್ಷಾಂಶ: ಲೆಕ್ಕ 37 ಅನ್ನುತ್ತೆ, ಗೆಳೆಯ ಅಲ್ಲ ಅಂತಾನೆ

ನೆರಳುಬೇಟೆ

ಗೆಳೆಯ ಒಂದು ಫೋಟೋ ಕಳಿಸಿ, ಇದು ಯಾವ ಅಕ್ಷಾಂಶ, ಎಷ್ಟು ಹೊತ್ತು ಅಂತ ಹೇಳು ನೋಡೋಣ ಅಂದಿದ್ದಾನೆ. ಟೈಲ್ಸ್ ಹಾಕಿದ ಅಂಗಳದಲ್ಲಿ ನೆಟ್ಟಗೆ ನಿಂತ ಕಂಬ, ಅದರ ನೆರಳು, ಬುಡದಲ್ಲಿ ಒಂದು ದಿಕ್ಸೂಚಿ. ಕಂಬದ ಎತ್ತರ 2 ಮೀಟರ್, ತಾರೀಖು ಏಪ್ರಿಲ್ 15, ಟೈಲ್ಸ್ 30 ಸೆಂ.ಮೀ. ಚೌಕ. ಇಷ್ಟು ಮಾತ್ರ ಅವನು ಕೊಟ್ಟ ಮಾಹಿತಿ.

ಚಿತ್ರದಲ್ಲಿ ಅಳೆದೆ. ಕಂಬ 820 ಪಿಕ್ಸೆಲ್, ನೆರಳು 430. ಅಂದರೆ ಸೂರ್ಯನ ಎತ್ತರ 62.3 ಡಿಗ್ರಿ. ಆ ದಿನ ಸೂರ್ಯನ ಡಿಕ್ಲಿನೇಶನ್, ಅಂದರೆ ಭೂಮಧ್ಯರೇಖೆಯಿಂದ ಅವನು ಎಷ್ಟು ಡಿಗ್ರಿ ಉತ್ತರಕ್ಕೋ ದಕ್ಷಿಣಕ್ಕೋ ಇದ್ದಾನೆ ಅನ್ನೋದು, ಸುಮಾರು 9.7 ಉತ್ತರ. 90 ರಿಂದ 62.3 ಕಳೆದು 9.7 ಕೂಡಿಸಿದರೆ 37.4. ಗೆಳೆಯ ನಗ್ತಾ ಇದ್ದಾನೆ. ಎಲ್ಲಿ ಎಡವಟ್ಟಾಗಿದೆ?

ಗೋಡೆಗಡಿಯಾರ

ಪಿಕ್ಸೆಲ್ ಅಳೆದದ್ದೇ ಎಡವಟ್ಟು. ಕಂಬ ಕ್ಯಾಮೆರಾಗೆ ಎದುರಾಗಿ ನಿಂತಿದೆ, ನೆರಳು ನೆಲದ ಮೇಲೆ ಕ್ಯಾಮೆರಾದಿಂದ ಆಚೆಗೆ ಮಲಗಿದೆ. ಹಾಗೆ ಆಚೆಗೆ ಮಲಗಿದ್ದು ಚಿತ್ರದಲ್ಲಿ ಕುಗ್ಗಿ ಕಾಣುತ್ತೆ. ಎರಡಕ್ಕೂ ಒಂದೇ ಅಳತೆಗೋಲು ಹಿಡಿಯೋಕಾಗಲ್ಲ.

ಟೈಲ್ಸ್ ಇದೆಯಲ್ಲ, ಎಣಿಸಿ ಸಾಕು. ಬುಡದಿಂದ ನೆರಳಿನ ತುದಿಗೆ ಹೋಗಬೇಕಾದರೆ ಗೆರೆಯ ಗುಂಟ ಎಷ್ಟು ಟೈಲ್ಸ್, ಅಡ್ಡಕ್ಕೆ ಎಷ್ಟು? ನೆರಳಿನಿಂದ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ ಪ್ರಾಚೀನ ಗ್ರೀಕ್ ಪಂಡಿತ ಎರಟೋಸ್ತನೀಸ್ ಕಾಲದಿಂದಲೂ ನೆರಳಿನ ಲೆಕ್ಕ ಇದೇ, ಉದ್ದ ಸರಿಯಿದ್ದರೆ ಉತ್ತರ ಸರಿ ಬರುತ್ತೆ.

ನೆರಳುಬೇಟೆ

ಎಣಿಸಿದೆ. ಗೆರೆಯ ಗುಂಟ ಮುಂದಕ್ಕೆ 4, ಅಲ್ಲಿಂದ ಎಡಕ್ಕೆ 3. ಹಾಗಾದರೆ ನೆರಳು 5 ಟೈಲ್ಸ್ ಉದ್ದ, ಅಂದರೆ 1.5 ಮೀಟರ್. ಎತ್ತರ 53.1 ಡಿಗ್ರಿ ಬಂತು. ಈಗ ಅಕ್ಷಾಂಶ 46.6! ಗೆಳೆಯನಿಗೆ ಹೇಳಿದರೆ "ಇನ್ನೂ ದೂರ ಹೋದೆ" ಅಂದ.

ಹಳೇಆಲ್ಬಮ್

ನಡುವೆ ಬಾಯಿ ಹಾಕ್ತೀನಿ, ಕ್ಷಮಿಸಿ. ನಮ್ಮ ಮನೆಯಲ್ಲಿ ಒಂದು ಕಪ್ಪುಬಿಳುಪು ಫೋಟೋ ಇದೆ. ಯಾವ ಕಟ್ಟಡದ ಮುಂದೆ ಅಂತ ಗೊತ್ತು, ನೆರಳೂ ಚೆನ್ನಾಗಿ ಬಿದ್ದಿದೆ. ಇದೇ ಸೂತ್ರ ಹಾಕಿ ತೆಗೆದ ವರ್ಷ ಕಂಡುಹಿಡಿಯಬಹುದಾ?

ಕೋನಮಾಪಕ

ನೆರಳುಬೇಟೆ ಅವರೇ, ಟೈಲ್ಸ್ ಎಣಿಸಿದ್ದು ಸರಿ, ಗಡಿಯಾರದವರು ಒಳ್ಳೆ ಸಲಹೆ ಕೊಟ್ಟಿದ್ದಾರೆ. ಆದರೆ 90 ರಿಂದ ಕಳೆದು ಡಿಕ್ಲಿನೇಶನ್ ಕೂಡಿಸೋದು ಸೂರ್ಯ ನೆತ್ತಿಯ ರೇಖೆ ದಾಟುವ ಕ್ಷಣಕ್ಕೆ ಮಾತ್ರ ಹೊಂದುವ ಲೆಕ್ಕ. ಎರಟೋಸ್ತನೀಸ್ ಅಳೆದದ್ದೂ ನಡುಮಧ್ಯಾಹ್ನವೇ. ಆ ಹೊತ್ತಿಗೆ ನೆರಳು ಸರಿಯಾಗಿ ಉತ್ತರ-ದಕ್ಷಿಣ ಗೆರೆಯ ಮೇಲೆ ಬಿದ್ದಿರಬೇಕು. ನಿಮ್ಮ ಚಿತ್ರದಲ್ಲಿ ಹಾಗಿದೆಯಾ ಅಂತ ಇಬ್ಬರೂ ನೋಡಲೇ ಇಲ್ಲ. ಮೊದಲ ಉತ್ತರ ನಿಜಕ್ಕೆ ಸ್ವಲ್ಪ ಹತ್ತಿರ ಬಂದದ್ದು ಬರೀ ಅದೃಷ್ಟ. ನೆರಳು ಕುಗ್ಗಿ ಕಂಡ ತಪ್ಪೂ ಮಧ್ಯಾಹ್ನ ಅಂದುಕೊಂಡ ತಪ್ಪೂ ಒಂದನ್ನೊಂದು ಭಾಗಶಃ ಹೊಡೆದುಹಾಕಿದ್ದವು. ಒಂದನ್ನು ತೆಗೆದ ಕೂಡಲೇ ಇನ್ನೊಂದು ಪೂರ್ತಿ ಹೊರಗೆ ಬಂತು.

ದಿಕ್ಸೂಚಿ ಏನು ತೋರಿಸ್ತಿದೆ? ಚಿತ್ರದಲ್ಲಿ ಸೂಜಿಯ ಕೋನ ಅಳೆಯಬೇಡಿ, ಅದೂ ಕುಗ್ಗಿರುತ್ತೆ. ಬಿಲ್ಲೆಯ ಮೇಲಿನ ಅಂಕಿ ಓದಿ.

ಹಳೇಆಲ್ಬಮ್ ಅವರೇ, ವರ್ಷ ಸಿಗಲ್ಲ. ಸೂರ್ಯ ಪ್ರತಿವರ್ಷ ಹೆಚ್ಚುಕಡಿಮೆ ಅದೇ ದಾರಿ ಹಿಡಿಯುತ್ತಾನೆ. ಜಾಗ ಗೊತ್ತಿರುವುದರಿಂದ ಉದ್ದ, ದಿಕ್ಕು ಎರಡೂ ಸೇರಿ ಡಿಕ್ಲಿನೇಶನ್ ಮತ್ತು ಹೊತ್ತು ಕೊಡುತ್ತವೆ. ಡಿಕ್ಲಿನೇಶನ್‌ನಿಂದ ವರ್ಷದಲ್ಲಿ ಎರಡು ತಾರೀಖು ಬರುತ್ತೆ, ಸೂರ್ಯ ಮೇಲೇರುವಾಗ ಒಂದು, ಇಳಿಯುವಾಗ ಒಂದು. ಗಿಡಮರದ ಎಲೆಯೋ ಉಟ್ಟ ಬಟ್ಟೆಯೋ ನೋಡಿ ಎರಡರಲ್ಲಿ ಒಂದು ಆರಿಸಿಕೊಳ್ಳಬೇಕು.

ನೆರಳುಬೇಟೆ

ದಿಕ್ಸೂಚಿಯ ಅಂಚನ್ನು ಟೈಲ್ಸ್ ಗೆರೆಗೆ ಸರಿಯಾಗಿ ಕೂರಿಸಿದ್ದಾನೆ. ನಾನು 4 ಎಣಿಸಿದ ಗೆರೆಯ ಕಡೆಗೆ ಅಂಕಿ 327.

ಕೋನಮಾಪಕ

ಹಾಗಾದರೆ ಕೆಲಸ ಸುಲಭ. 4 ಮುಂದೆ, 3 ಎಡಕ್ಕೆ ಅಂದರೆ ನೆರಳು ಆ ಗೆರೆಯಿಂದ 37 ಡಿಗ್ರಿ ಎಡಕ್ಕಿದೆ. 327 ರಲ್ಲಿ 37 ಕಳೆದರೆ 290. ನೆರಳು 290 ರ ಕಡೆಗಿದ್ದರೆ ಸೂರ್ಯ ಅದರ ಎದುರು, 110 ರಲ್ಲಿ. ಪೂರ್ವ ದಾಟಿ ದಕ್ಷಿಣಕ್ಕೆ ವಾಲಿದ್ದಾನೆ. ಬೆಳಗ್ಗೆ ಅನ್ನೋದಂತೂ ಖಚಿತ, ಮಧ್ಯಾಹ್ನದ ಸೂತ್ರ ಇಲ್ಲಿ ನಡೆಯಲ್ಲ.

ಎತ್ತರ, ದಿಕ್ಕು, ಡಿಕ್ಲಿನೇಶನ್ ಮೂರೂ ಕೈಯಲ್ಲಿದ್ದರೆ ಗೊತ್ತಿಲ್ಲದ್ದು ಅಕ್ಷಾಂಶ, ಹೊತ್ತು ಎರಡೇ. ಇದನ್ನು ಓಡಿಸಿ:

```python
from math import *
d, h, A = map(radians, (9.7, 53.1, 110))
a, b = sin(h), cos(h)*cos(A)
lat = asin(sin(d)/hypot(a, b)) - atan2(b, a)
H = asin(sin(A)*cos(h)/cos(d))
print(degrees(lat), 12 - degrees(H)/15)
```

ಅಕ್ಷಾಂಶ 26.2 ಉತ್ತರ, ಹೊತ್ತು 9.67, ಅಂದರೆ 9 ಗಂಟೆ 40 ನಿಮಿಷ. ಇದು ಸೂರ್ಯನ ಗಡಿಯಾರದ ಹೊತ್ತು, ಕೈಗಡಿಯಾರದ್ದಲ್ಲ. ಎರಡರ ನಡುವೆ ಕಾಲ ಸಮೀಕರಣ ಅಂತ ಒಂದು ವ್ಯತ್ಯಾಸ ಇರುತ್ತೆ. ಏಪ್ರಿಲ್ 15 ರ ಸುತ್ತ ಅದು ಹೆಚ್ಚುಕಡಿಮೆ ಸೊನ್ನೆ, ಗೆಳೆಯ ಒಳ್ಳೆ ದಿನ ಆರಿಸಿದ್ದಾರೆ. ಉಳಿದದ್ದು ರೇಖಾಂಶ. ಸಮಯ ವಲಯದ ಮಧ್ಯರೇಖೆಯಿಂದ ಪಶ್ಚಿಮಕ್ಕಿದ್ದರೆ ಪ್ರತಿ ಡಿಗ್ರಿಗೆ ಕೈಗಡಿಯಾರ 4 ನಿಮಿಷ ಮುಂದೆ ತೋರಿಸುತ್ತೆ. ಅಷ್ಟನ್ನು ಈ ನೆರಳಿನಿಂದ ಹೇಳೋಕಾಗಲ್ಲ.

26.2 ರ ದಶಮಾಂಶ ನಂಬಬೇಡಿ. ದಿಕ್ಕಿನಲ್ಲಿ 5 ಡಿಗ್ರಿ ಹೆಚ್ಚುಕಮ್ಮಿ ಆದರೆ ಅಕ್ಷಾಂಶ 23 ರಿಂದ 29 ರವರೆಗೆ ಓಡಾಡುತ್ತೆ. ಅದೇ 5 ಡಿಗ್ರಿಗೆ ಹೊತ್ತು ಬದಲಾಗೋದು ಐದಾರು ನಿಮಿಷ. ನಿಮ್ಮ ಚಿತ್ರದಲ್ಲಿ ಹೊತ್ತು ಗಟ್ಟಿ, ಅಕ್ಷಾಂಶ ಸಡಿಲ.

ಗೋಡೆಗಡಿಯಾರ

ಒಪ್ಪಿದೆ, ಮಧ್ಯಾಹ್ನದ ವಿಷಯ ನನಗೆ ಹೊಳೆಯಲಿಲ್ಲ. ಆದರೆ ದಿಕ್ಕು ಅಷ್ಟು ಕಾಡುತ್ತೆ ಅಂದರೆ ಅದನ್ನೇ ಬಿಟ್ಟುಬಿಡಬಹುದಲ್ಲ? ಗೆಳೆಯನ ಹತ್ತಿರ ಗಂಟೆ ಕೇಳಿ, ಉದ್ದ ಮತ್ತು ಗಂಟೆ ಎರಡರಿಂದಲೇ ಅಕ್ಷಾಂಶ ತೆಗೆಯೋದು. ಬೆಲಿಂಗ್‌ಕ್ಯಾಟ್‌ನವರ ಶ್ಯಾಡೋ ಫೈಂಡರ್ ಅನ್ನೋ ಸಾಧನ ನೆರಳಿನಿಂದ ಜಾಗ ಹುಡುಕುತ್ತಲ್ಲ, ಅದು ದಿಕ್ಕು ಕೇಳೋದೇ ಇಲ್ಲ.

ಕೋನಮಾಪಕ

ಕೇಳಲ್ಲ, ನಿಜ. ಅದಕ್ಕೇ ಅದು ಒಂದು ಬಿಂದು ಕೊಡಲ್ಲ, ಭೂಪಟದ ಮೇಲೆ ಉಂಗುರದಂಥ ಪಟ್ಟಿ ಬಿಡಿಸುತ್ತೆ. ಆ ಪಟ್ಟಿಯ ಮೇಲೆ ಎಲ್ಲೇ ನಿಂತರೂ ಆ ಕ್ಷಣಕ್ಕೆ ನೆರಳು ಅಷ್ಟೇ ಉದ್ದ. ಅದಕ್ಕೆ ಸಮಯ ಕೊಡಬೇಕು, ಅದೂ ನಿಮಗೆ ಗೊತ್ತಿರಬೇಕು.

ಗೆಳೆಯ ಗಂಟೆಯನ್ನೂ ರೇಖಾಂಶವನ್ನೂ ಹೇಳಿಬಿಟ್ಟರು ಅಂತಲೇ ಇಟ್ಟುಕೊಳ್ಳಿ. ಸೂರ್ಯನ ಹೊತ್ತು 9:37 ಅಂತ ಹಾಕಿ 53.1 ರ ಎತ್ತರಕ್ಕೆ ಲೆಕ್ಕ ಮಾಡಿದೆ. ಎರಡು ಉತ್ತರ ಬಂತು: ಒಂದು 24 ಉತ್ತರ, ಇನ್ನೊಂದು ಹತ್ತಿರಹತ್ತಿರ ಭೂಮಧ್ಯರೇಖೆ. ಎರಡೂ ಕಡೆ ಆ ಹೊತ್ತಿಗೆ ಒಂದೇ ಉದ್ದದ ನೆರಳು. ಆದರೆ ಭೂಮಧ್ಯರೇಖೆಯಲ್ಲಿ ಅವತ್ತು ಸೂರ್ಯ ಪೂರ್ವಕ್ಕಿಂತ ಉತ್ತರಕ್ಕಿರುತ್ತಾನೆ, ನೆರಳು ಪಶ್ಚಿಮಕ್ಕಿಂತ ದಕ್ಷಿಣಕ್ಕೆ ವಾಲಿ ಬೀಳುತ್ತೆ. ದಿಕ್ಸೂಚಿ ಎಷ್ಟೇ ಕೆಟ್ಟದಿದ್ದರೂ ಇಷ್ಟು ಹೇಳಿಬಿಡುತ್ತೆ.

ಇನ್ನೊಂದು ಮಾತು. ಸೂರ್ಯ ಪೂರ್ವಕ್ಕೆ ಹತ್ತಿರ ಇದ್ದಾಗ ನೀವು ಉತ್ತರಕ್ಕೋ ದಕ್ಷಿಣಕ್ಕೋ ಸರಿದರೆ ಅವನ ಎತ್ತರ ಬದಲಾಗೋದು ತೀರಾ ಕಮ್ಮಿ. ಹಾಗಾಗಿ ಗಂಟೆಯಿಂದ ಹೋದರೆ, ಎತ್ತರದಲ್ಲಿ 1 ಡಿಗ್ರಿ ತಪ್ಪಿದರೂ ಅಕ್ಷಾಂಶದಲ್ಲಿ ಮೂರೂವರೆ ಡಿಗ್ರಿ ಹೋಗುತ್ತೆ. ದಿಕ್ಕು ಬಿಟ್ಟು ಗಂಟೆ ಹಿಡಿದರೆ ತಪ್ಪು ಕಮ್ಮಿಯಾಗಲ್ಲ, ಉದ್ದದ ಹೆಗಲಿಗೆ ದಾಟುತ್ತೆ ಅಷ್ಟೆ.

ನೆರಳುಬೇಟೆ

26, ಬೆಳಗ್ಗೆ ಹತ್ತಕ್ಕೆ ಮುಂಚೆ ಅಂತ ಹೇಳಿದೆ. ಗೆಳೆಯ ಗುಟ್ಟು ಬಿಟ್ಟ: ಅಕ್ಷಾಂಶ ಸರಿಸುಮಾರು 24, ಫೋನಿನ ಗಡಿಯಾರ 9:53, ವಲಯದ ಮಧ್ಯರೇಖೆಯಿಂದ 4 ಡಿಗ್ರಿ ಪಶ್ಚಿಮ. ಅಂದರೆ 16 ನಿಮಿಷ ಕಳೆದು ಸೂರ್ಯನ ಹೊತ್ತು 9:37, ನೀವು ಹಾಕಿದ್ದೇ! ಹೊತ್ತಿನಲ್ಲಿ ಮೂರು ನಿಮಿಷ ತಪ್ಪು, ಅಕ್ಷಾಂಶದಲ್ಲಿ 2 ಡಿಗ್ರಿ, ಅಂದರೆ ಇನ್ನೂರು ಕಿಲೋಮೀಟರಿಗೂ ಮೇಲೆ. ಈ 2 ಡಿಗ್ರಿ ಎಲ್ಲಿಂದ ಬಂತು?

ಗೋಡೆಗಡಿಯಾರ

ನೆರಳಿನ ತುದಿ ಮಸುಕಾಗಿರುತ್ತಲ್ಲ, ಅದೇ ಇರಬೇಕು.

ಕೋನಮಾಪಕ

ಅಲ್ಲ. ಇಷ್ಟು ಎತ್ತರದ ಕಂಬಕ್ಕೆ ಆ ಮಸುಕು ಒಟ್ಟು 3 ಸೆಂ.ಮೀ. ಆಸುಪಾಸು. ಅದರ ನಡುವನ್ನು ಹಿಡಿದರೆ ಒಂದೂವರೆ ಸೆಂ.ಮೀ. ತಪ್ಪಬಹುದು, ಅದರಿಂದ 2 ಡಿಗ್ರಿ ಬರಲ್ಲ.

24 ಡಿಗ್ರಿಯಲ್ಲಿ ಈ ಎತ್ತರಕ್ಕೆ ಸೂರ್ಯ ಇರಬೇಕಾದ ದಿಕ್ಕು 106.6. ನಾವು ಓದಿದ್ದು 110. ಉದ್ದ ಸರಿಯಿದೆ ಅಂದುಕೊಂಡರೆ ದಿಕ್ಕಿನಲ್ಲಿ ಮೂರೂವರೆ ಡಿಗ್ರಿ ಹೋಗಿದೆ. ನನಗೆ ಮೂರು ಅನುಮಾನ. ಸೂಜಿ ತೋರಿಸೋದು ಕಾಂತೀಯ ಉತ್ತರ, ಅದು ನಿಜ ಉತ್ತರದಿಂದ ಆ ಜಾಗದಲ್ಲಿ ಪಶ್ಚಿಮಕ್ಕೆ ಅಷ್ಟು ಸರಿದಿರಬಹುದು. ಜಾಗ ಗೊತ್ತಾಯಿತಲ್ಲ, ಕೋಷ್ಟಕ ನೋಡಿದರೆ ಇದು ತೀರ್ಮಾನ ಆಗುತ್ತೆ. ಎರಡನೆಯದು, ಕಂಬ ಕಬ್ಬಿಣದ್ದಾಗಿದ್ದರೆ ಅದರ ಬುಡದಲ್ಲೇ ದಿಕ್ಸೂಚಿ ಇಟ್ಟದ್ದು. ಮೂರನೆಯದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲ್ಲ: ಕಂಬ 3 ಡಿಗ್ರಿ ಪಕ್ಕಕ್ಕೆ ವಾಲಿದ್ದರೂ ತುದಿ 10 ಸೆಂ.ಮೀ. ಸರಿಯುತ್ತೆ, ನೆರಳಿನ ತುದಿಯೂ ಅಷ್ಟೇ ಸರಿದು ದಿಕ್ಕು 4 ಡಿಗ್ರಿ ತಿರುಗುತ್ತೆ. ಕಣ್ಣಿಗೆ ಕಂಬ ನೆಟ್ಟಗೇ ಕಾಣ್ತಿರುತ್ತೆ.

ನೆರಳಿನ ದಿಕ್ಕಿಗೇ ವಾಲಿದ್ದರೆ ಕಥೆ ಬೇರೆ, ಉದ್ದ ಕೆಡುತ್ತೆ. ಆಗ ಅಕ್ಷಾಂಶ ಒಂದು ಡಿಗ್ರಿ ಚಿಲ್ಲರೆ ಹೋಗುತ್ತೆ.

ಹಳೇಆಲ್ಬಮ್

ಹಾಗಾದರೆ ನನ್ನ ಫೋಟೋದಲ್ಲಿ ದಿಕ್ಸೂಚಿಯೇ ಇಲ್ಲವಲ್ಲ?

ಕೋನಮಾಪಕ

ನಿಮ್ಮದೇ ವಾಸಿ. ಕಟ್ಟಡ ಈಗಲೂ ಇದ್ದರೆ ಅದರ ಗೋಡೆಯ ದಿಕ್ಕನ್ನು ಉಪಗ್ರಹ ಭೂಪಟದಲ್ಲಿ ಅಳೆಯಬಹುದು. ಅದು ನಿಜ ಉತ್ತರದಿಂದ ಬರುವ ಅಳತೆ, ಸೂಜಿಯ ಗೊಡವೆಯೇ ಇಲ್ಲ. ನೆರಳು ಗೋಡೆಗೆ ಎಷ್ಟು ಓರೆಯಾಗಿದೆ ಅಂತ ತಿಳಿಯೋಕೆ ನೆಲದಲ್ಲಿ ಚೌಕವೋ ಮೆಟ್ಟಿಲೋ ಏನಾದರೂ ಕಾಣುತ್ತಾ ನೋಡಿ.

ನೆರಳುಬೇಟೆ

ಕೋಷ್ಟಕ ನೋಡಿದೆ, ಆ ಜಾಗದಲ್ಲಿ ಕಾಂತೀಯ ವ್ಯತ್ಯಾಸ 1 ಡಿಗ್ರಿಗೂ ಕಮ್ಮಿ. ಹಾಗಾಗಿ ಮೊದಲ ಅನುಮಾನ ಹೋಯ್ತು. ಕಂಬ ಕಬ್ಬಿಣದ ಪೈಪ್ ಇರಬೇಕು ಅಂತಾನೆ, ಬಣ್ಣ ಹಚ್ಚಿರೋದರಿಂದ ಅವನಿಗೂ ಖಾತ್ರಿಯಿಲ್ಲ. ಅಯಸ್ಕಾಂತ ಅಂಟಿಸಿ ನೋಡು ಅಂದಿದ್ದೀನಿ. ದಾರಕ್ಕೆ ಕಲ್ಲು ಕಟ್ಟಿ ಕಂಬದ ತುದಿಯಿಂದ ಇಳಿಬಿಟ್ಟು ವಾಲಿದೆಯಾ ನೋಡಬೇಕು, ದಿಕ್ಸೂಚಿಯನ್ನು ಅದೇ ಗೆರೆಯ ಮೇಲೆ ಎರಡು ಮೀಟರ್ ಆಚೆ ಇಟ್ಟು ಇನ್ನೊಮ್ಮೆ ಓದಬೇಕು. ಅಂಕಿ ಬಂದ ಮೇಲೆ ಇಲ್ಲೇ ಹಾಕ್ತೀನಿ.

ಕೋನಮಾಪಕ

ಆಚೆ ಇಟ್ಟಾಗ 327 ಬದಲು 323, 324 ಬಂದರೆ ಕಂಬದ್ದೇ ಕಿತಾಪತಿ. ಅದೇ 327 ಬಂದರೆ ದಾರದ ಕಡೆ ಗಮನ ಕೊಡಿ.