ಪ್ರೋನೋಟ್ ಕೈ ಬದಲಾದ ಮೇಲೆ: ವಕೀಲರಿಗೆ ಕೇಳಿ

ಮಂಜುನಾಥ: ಮೇಡಂ, ಒಬ್ಬರ ಹತ್ತಿರ 3 ಲಕ್ಷ ಸಾಲ ತಗೊಂಡು ಜನವರಿ 10ರ ತಾರೀಖಿಗೆ ಮೂರು ತಿಂಗಳ ವಾಯಿದೆ ಹಾಕಿ ಪ್ರೋನೋಟ್ ಬರೆದುಕೊಟ್ಟೆ. ಮಾರ್ಚ್‌ನಲ್ಲಿ 2 ಲಕ್ಷ ಬ್ಯಾಂಕಿನಿಂದಲೇ ವಾಪಸ್ ಹಾಕಿದೆ. ಈಗ ಯಾರೋ ಮೂರನೆಯವರು ನೋಟು ತಮ್ಮ ಹೆಸರಿಗೆ ಎಂಡಾರ್ಸ್ ಆಗಿದೆ ಅಂತ ಪೂರ್ತಿ 3 ಲಕ್ಷಕ್ಕೆ ನೋಟಿಸ್ ಕಳಿಸಿದ್ದಾರೆ. ಕಟ್ಟಲೇಬೇಕಾ?

ಸುಮಂಗಲಾ (ವಕೀಲರು): ಕಟ್ಟಬೇಕಾಗಿ ಬರಬಹುದು. ನೀವು 2 ಲಕ್ಷ ಕೊಟ್ಟಿದ್ದು ನೋಟಿನ ಮೇಲೆ ಎಲ್ಲೂ ಬರೆದಿಲ್ಲ, ನೋಟು ಅವರ ಕೈಯಲ್ಲೇ ಉಳಿಯಿತು. ಜನವರಿ 10ಕ್ಕೆ ಮೂರು ತಿಂಗಳು ಸೇರಿಸಿ, ಮೇಲೆ ಕಾನೂನು ಕೊಡುವ ಮೂರು ದಿನ ಹಾಕಿದರೆ ವಾಯಿದೆ ಏಪ್ರಿಲ್ 13. ಅದಕ್ಕೆ ಮೊದಲೇ, ಹಣ ಕೊಟ್ಟು, ನಿಮ್ಮ ಪಾವತಿಯ ವಿಷಯ ಗೊತ್ತಿಲ್ಲದೆ, ಗುಮಾನಿಪಡಲು ಕಾರಣವೂ ಇಲ್ಲದೆ ತಗೊಂಡವರಾದರೆ ಅವರು ಹೋಲ್ಡರ್ ಇನ್ ಡ್ಯೂ ಕೋರ್ಸ್. ವಾಯಿದೆಗೆ ಮುಂಚೆ ಮೊದಲನೆಯವರಿಗೆ ಕೊಟ್ಟ ದುಡ್ಡು ಇವರ ಮುಂದೆ ನಿಲ್ಲಲ್ಲ. ಇವರಿಗೆ ಕಟ್ಟಿ, ಆ 2 ಲಕ್ಷಕ್ಕೆ ಮೊದಲನೆಯವರ ಮೇಲೆ ಹೋಗಬೇಕಾಗುತ್ತೆ.

ಎಂಡಾರ್ಸ್‌ಮೆಂಟಿಗೆ ತಾರೀಖಿಲ್ಲದಿದ್ದರೂ ವಾಯಿದೆಗೆ ಮುಂಚೆಯೇ ಆಗಿದೆ ಅಂತಲೇ ಕೋರ್ಟು ಭಾವಿಸುತ್ತೆ, ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 118ನೇ ಸೆಕ್ಷನ್. ಹಾಗಲ್ಲ ಅಂತ ತೋರಿಸುವ ಹೊರೆ ನಿಮ್ಮದು. ಅದಕ್ಕೇ ಉತ್ತರದ ನೋಟಿಸಿನಲ್ಲಿ ನೋಟಿನ ಎರಡೂ ಬದಿಯ ಪ್ರತಿ ಕೇಳಿ. ಎಷ್ಟು ಕೊಟ್ಟು, ಯಾವತ್ತು, ಯಾವ ಖಾತೆಯಿಂದ ತಗೊಂಡರು ಅಂತ ಕೇಳಿ. 3 ಲಕ್ಷದ ನೋಟನ್ನು ತೀರಾ ಕಡಿಮೆಗೆ ತಗೊಂಡಿದ್ದರೆ, ಅಥವಾ ಅವರು ಮೊದಲನೆಯವರ ಭಾವನೋ ಪಾಲುದಾರನೋ ಆಗಿದ್ದರೆ, ಗೊತ್ತಿರಲಿಲ್ಲ ಅನ್ನೋ ಮಾತು ಸಡಿಲವಾಗುತ್ತೆ. ಏಪ್ರಿಲ್ 13 ಕಳೆದ ಮೇಲೆ ಬರೆಸಿಕೊಂಡಿದ್ದರೆ ಮೊದಲನೆಯವರಿಗೆ ಇದ್ದಷ್ಟೇ ಹಕ್ಕು ಇವರಿಗೆ, ಅಂದರೆ 1 ಲಕ್ಷ ಮತ್ತು ನೋಟಿನಲ್ಲಿ ಬರೆದ ಬಡ್ಡಿ.

ಈಗ ಹೇಳಿ, ನೋಟಿಗೆ ಎಂಥ ಸ್ಟಾಂಪ್ ಹಾಕಿದ್ದೀರಿ?

ಮಂಜುನಾಥ: ಒಂದು ರೂಪಾಯಿ ರೆವಿನ್ಯೂ ಸ್ಟಾಂಪ್, ಅದರ ಮೇಲೆ ಸಹಿ.

ಸುಮಂಗಲಾ: ಹಾಗಾದರೆ ನಿಮಗೊಂದು ದಾರಿ ಇದೆ. ಆ ಸ್ಟಾಂಪ್ ಕೇಳಿದಾಗ ಕೊಡುವ ನೋಟಿಗೆ ಸಾಕು. ವಾಯಿದೆ ಹಾಕಿದ ನೋಟಿಗೆ ಮೊತ್ತದ ಲೆಕ್ಕದಲ್ಲಿ ಸ್ಟಾಂಪ್ ಬೇಕು, 3 ಲಕ್ಷಕ್ಕೆ ಒಂದು ರೂಪಾಯಿ ಎಲ್ಲಿಗೂ ಮುಟ್ಟಲ್ಲ. ಬೇರೆ ಪತ್ರಗಳಿಗೆ ದಂಡ ಕಟ್ಟಿ ಸರಿಮಾಡಿಸಬಹುದು, ಪ್ರೋನೋಟಿಗೂ ಹುಂಡಿಗೂ ಆ ಅವಕಾಶ ಇಲ್ಲ, ಸಾಕ್ಷ್ಯವಾಗಿ ಬರೋದೇ ಇಲ್ಲ. ಆದರೆ ನೋಟನ್ನು ಸಾಕ್ಷಿಯ ಮೂಲಕ ಗುರುತು ಹಾಕಿಸುವ ಹೊತ್ತಿಗೇ ನಿಮ್ಮ ವಕೀಲರು ಎದ್ದು ಆಕ್ಷೇಪ ಹೇಳಬೇಕು. ಒಮ್ಮೆ ಎಕ್ಸಿಬಿಟ್ ಆಗಿಹೋದರೆ ಆಮೇಲೆ ಅದೇ ಕೇಸಿನಲ್ಲಿ ಎತ್ತಲು ಆಗಲ್ಲ. ಮೊದಲನೆಯವರು ಮೂಲ ಸಾಲದ ಮೇಲೆ ಬೇರೆ ದಾವೆ ಹಾಕಲು ಪ್ರಯತ್ನಿಸಬಹುದು, ಅಲ್ಲಿ ನಿಮ್ಮ 2 ಲಕ್ಷ ಲೆಕ್ಕಕ್ಕೆ ಬರುತ್ತೆ.

ಗಿರಿಜಾ: ಮೇಡಂ, ನೋಟು ಇನ್ನೊಬ್ಬರಿಗೆ ಎಂಡಾರ್ಸ್ ಆದರೆ ದಾವೆ ಹಾಕುವ ಮೂರು ವರ್ಷದ ಅವಧಿ ಹೊಸದಾಗಿ ಶುರುವಾಗುತ್ತಾ?

ಸುಮಂಗಲಾ: ಇಲ್ಲ.

ರವಿ: ಹೋಲ್ಡರ್ ಇನ್ ಡ್ಯೂ ಕೋರ್ಸ್ ಆದರೆ ಕಳ್ಳತನದ್ದಾಗಲಿ, ಫೋರ್ಜರಿ ಆಗಲಿ, ಎಲ್ಲಾ ಶುದ್ಧ ಆಗಿಬಿಡುತ್ತೆ. ಅದಕ್ಕೇ ಈ ಕಾನೂನು ಇರೋದು.

ಬಸವರಾಜ: ಅರ್ಧ ಸರಿ ರವಿಯವರೇ. ಮೋಸ ಮಾಡಿ ಬರೆಸಿಕೊಂಡ ನೋಟು ಒಳ್ಳೆಯವನ ಕೈಗೆ ಬಂದರೆ ಅವನಿಗೆ ಹಕ್ಕು ಸಿಗುತ್ತೆ. ಹಣ ಪಡೆಯಬೇಕಾದವನ ಸಹಿಯನ್ನೇ ಬೇರೆಯವನು ಖೋಟಾ ಮಾಡಿ ಎಂಡಾರ್ಸ್ ಮಾಡಿದ್ದರೆ ದಾಟೋಕೆ ಹಕ್ಕೇ ಇಲ್ಲ.

ರವಿ: ಅಂಥ ಖೋಟಾ ಎಂಡಾರ್ಸ್ ಇದ್ದರೂ ಬ್ಯಾಂಕ್ ಚೆಕ್ಕಿಗೆ ದುಡ್ಡು ಕೊಟ್ಟುಬಿಡುತ್ತಲ್ಲ?

ಬಸವರಾಜ: ಅದು ಬ್ಯಾಂಕಿಗೆ ಕೊಟ್ಟ ರಕ್ಷಣೆ, ನೋಟು ತಗೊಂಡವನಿಗಲ್ಲ. ಎರಡನ್ನೂ ಕಲಸಬೇಡಿ.

ರವಿ: ನೀವೇ ವಕೀಲರಾ ಈಗ?

ಶೇಖರ್: ನಾನು ಎಂಡಾರ್ಸ್ ಮಾಡಿಕೊಟ್ಟ ನೋಟಿಗೆ ಬರೆದವನು ದುಡ್ಡು ಕೊಡದಿದ್ದರೆ ನನ್ನ ಮೇಲೂ ಬರ್ತಾರಾ?

ಸುಮಂಗಲಾ: ಬರ್ತಾರೆ, ಹಣ ಬರಲಿಲ್ಲ ಅಂತ ನಿಮಗೆ ಸಕಾಲದಲ್ಲಿ ತಿಳಿಸಿದ್ದರೆ. ನನ್ನ ಮೇಲೆ ಹಕ್ಕಿಲ್ಲ ಅಂತ ಎಂಡಾರ್ಸ್‌ಮೆಂಟಿನಲ್ಲೇ ಬರೆದಿದ್ದರೆ ಇಲ್ಲ.

ಲತಾ: ತೀರಿಹೋದ ನಮ್ಮಪ್ಪನ ಹೆಸರಲ್ಲಿ ಒಂದು ನೋಟು ಇದೆ, ನಾನು ಎಂಡಾರ್ಸ್ ಮಾಡಬಹುದಾ ಮೇಡಂ?

ನಾಗೇಶ್: ಎಲ್ಲರಿಗೂ ಉಪಯೋಗ, ಫಾರ್ವರ್ಡ್ ಬಂದಿದ್ದು: ಖಾಲಿ ಪ್ರೋನೋಟಿಗೆ ಸಹಿ ಮಾಡಿಸಿಕೊಂಡಿದ್ದರೆ ಅದು ತಾನಾಗೇ ರದ್ದು, ಹೆದರಬೇಡಿ!

ಸುಮಂಗಲಾ: ದಯವಿಟ್ಟು ಅದನ್ನು ಅಳಿಸಿ ನಾಗೇಶ್. ಸ್ಟಾಂಪ್ ಹಚ್ಚಿದ ಖಾಲಿ ನೋಟಿಗೆ ಸಹಿ ಮಾಡಿ ಕೊಟ್ಟರೆ ಆ ಸ್ಟಾಂಪಿಗೆ ಎಷ್ಟು ಮೊತ್ತ ಹಿಡಿಸುತ್ತೋ ಅಷ್ಟರವರೆಗೆ ತುಂಬಿಕೊಳ್ಳಿ ಅಂತ ಅನುಮತಿ ಕೊಟ್ಟ ಹಾಗೆ, 20ನೇ ಸೆಕ್ಷನ್. ಒಪ್ಪಿದ್ದಕ್ಕಿಂತ ಹೆಚ್ಚು ತುಂಬಿಕೊಂಡವನ ಮುಂದೆ ಜಗಳ ಮಾಡಬಹುದು, ಅದು ಹೋಲ್ಡರ್ ಇನ್ ಡ್ಯೂ ಕೋರ್ಸ್ ಕೈ ಸೇರಿದರೆ ಆ ಜಗಳವೂ ಇಲ್ಲ. ಇಂಥದ್ದನ್ನು ನಂಬಿ ನೋಟಿಸಿಗೆ ಉತ್ತರ ಕೊಡದೆ ಕೂತರೆ ನಷ್ಟ ನಿಮಗೇ.

ಗಿರಿಜಾ: ಅವಧಿ ಮೂರು ವರ್ಷ ಹೊಸದಾಗಿ ಆಗಲ್ಲ ಅಂದ್ರಲ್ಲ, ಎರಡು ಸಲ ಎಂಡಾರ್ಸ್ ಆದರೂ?

ಸುಮಂಗಲಾ: ಹತ್ತು ಸಲ ಆದರೂ ಇಲ್ಲ. ಮೇಲೆ ಓದಿ.

ರವಿ: ಬಸವರಾಜರು ಇನ್ನೂ ಚೆಕ್ಕಿನ ಸೆಕ್ಷನ್ ಯಾವುದು ಅಂತ ಹೇಳಿಲ್ಲ.

ಬಸವರಾಜ: 85. ಆರ್ಡರ್ ಚೆಕ್ಕಿಗೆ. ಇನ್ನು ಕೇಳಬೇಡಿ.

ಮಂಜುನಾಥ: ಮೇಡಂ, ಎರಡೂ ಬದಿಯ ಫೋಟೊ ಬಂತು. ಎಂಡಾರ್ಸ್‌ಮೆಂಟಿನ ಕೆಳಗೆ ತಾರೀಖು ಏಪ್ರಿಲ್ 9 ಅಂತಿದೆ, ಆದರೆ 9ರ ಶಾಯಿಯೇ ಬೇರೆ ಬಣ್ಣ.

ಸುಮಂಗಲಾ: ಉತ್ತರದ ನೋಟಿಸಿನಲ್ಲಿ ಆ ಶಾಯಿಯ ವಿಷಯ ಬರೆಯಿರಿ, ಮೂಲ ನೋಟು ನೋಡಲು ಕೇಳಿ. ಫೋಟೊ ಇಲ್ಲಿ ಹಾಕಬೇಡಿ.